ಪರದೆ ಅಗಲವಾದಾಗ ಗ್ರಾಫಿಕ್ಸ್ ಕಾರ್ಡಿಗೆ ಬೀಳುವ ಹೊರೆ

34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ತಂದವರು ಗೇಮ್ ತೆರೆದ ಕೂಡಲೇ ಗಾಬರಿಯಾಗುವುದುಂಟು. ನಿನ್ನೆಯವರೆಗೆ ಸಲೀಸಾಗಿ ಓಡುತ್ತಿದ್ದದ್ದು ಇವತ್ತು ತಡವರಿಸುತ್ತದೆ. ಕಂಪ್ಯೂಟರ್ ಅದೇ, ಗ್ರಾಫಿಕ್ಸ್ ಕಾರ್ಡ್ ಅದೇ. ಬದಲಾಗಿರುವುದು ಪಿಕ್ಸೆಲ್‌ಗಳ ಲೆಕ್ಕ.

ಇಲ್ಲಿ ಇಂಚು ಮುಖ್ಯವಲ್ಲ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 3440×1440ರ ಅಲ್ಟ್ರಾವೈಡ್‌ನಲ್ಲಿ 49.5 ಲಕ್ಷ. ಕಾರ್ಡು ಪ್ರತಿ ಚಿತ್ರಕ್ಕೂ ಸುಮಾರು 2.4 ಪಟ್ಟು ಚುಕ್ಕಿಗಳಿಗೆ ಬಣ್ಣ ತುಂಬಬೇಕು.

ಹಾಗೆಂದು ವೇಗವೂ ಅಷ್ಟೇ ಪಟ್ಟು ಇಳಿಯುವುದಿಲ್ಲ. ಹಳೆಯ ಪರದೆಯಲ್ಲಿ ಒಂದು ಚಿತ್ರಕ್ಕೆ 11 ಮಿಲಿಸೆಕೆಂಡ್ ಹಿಡಿಯುತ್ತಿತ್ತು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 90 ಚಿತ್ರ. ಅದರಲ್ಲಿ 3 ಮಿಲಿಸೆಕೆಂಡ್ ಪರದೆಯ ಅಳತೆಗೆ ಸಂಬಂಧವಿಲ್ಲದ ಕೆಲಸಕ್ಕೆ, ಉದಾಹರಣೆಗೆ ನೆರಳಿನ ನಕ್ಷೆ ತಯಾರಿಸಲು, ಹೋಗುತ್ತದೆ. ಉಳಿದ 8 ಮಾತ್ರ 2.4 ಪಟ್ಟಾಗಿ ಸುಮಾರು 19 ಆಗುತ್ತದೆ. ಒಟ್ಟು 22 ಮಿಲಿಸೆಕೆಂಡ್, ಸೆಕೆಂಡಿಗೆ 45 ಚಿತ್ರ. ವೇಗ ಅರ್ಧಕ್ಕೆ ಬಂತು.

ಪಿಕ್ಸೆಲ್ ಲೆಕ್ಕಕ್ಕೆ ಸಿಗದ ಇನ್ನೊಂದು ಹೊರೆಯಿದೆ. ಅನೇಕ ಗೇಮ್‌ಗಳು ಅಗಲ ಪರದೆ ಸಿಕ್ಕಾಗ ಎಡಬಲದ ದೃಶ್ಯವನ್ನು ಹೆಚ್ಚು ತೋರಿಸುತ್ತವೆ. ಮೊದಲು ಕಾಣದಿದ್ದ ಮರ, ಕಾರು, ಜನರೂ ಚೌಕಟ್ಟಿನೊಳಗೆ ಬರುತ್ತಾರೆ. ಅವನ್ನೆಲ್ಲ ಬಿಡಿಸುವ ಆದೇಶಗಳನ್ನು ಪ್ರೊಸೆಸರ್ ಸಿದ್ಧಪಡಿಸಬೇಕು. ತಡವರಿಕೆ ಯಾರದ್ದು ಎಂದು ತಿಳಿಯಲು ಗೇಮ್‌ನಲ್ಲಿ ರೆಸಲ್ಯೂಶನ್ ಅನ್ನು 2560×1080ಕ್ಕೆ ಇಳಿಸಿ ನೋಡಿ. ವೇಗ ಜಿಗಿದರೆ ಕಾರ್ಡು ಸೋಲುತ್ತಿತ್ತು. ಹೆಚ್ಚುಕಡಿಮೆ ಅಷ್ಟೇ ಇದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ. ಹೊಸ ಕಾರ್ಡಿಗೆ ಸುರಿಯುವ ಹಣ ವ್ಯರ್ಥ.

ಹಲವು ಮಾನಿಟರ್‌ಗಳ ವಿಷಯದಲ್ಲಿ ಜನ ಅನಗತ್ಯವಾಗಿ ಹೆದರುತ್ತಾರೆ. ರೇಸಿಂಗ್ ಗೇಮ್ ಅನ್ನು ಮೂರು ಫುಲ್ ಎಚ್‌ಡಿ ಪರದೆಗಳಿಗೂ ಹರಡಿದರೆ 62 ಲಕ್ಷ ಪಿಕ್ಸೆಲ್, ಅದು ನಿಜಕ್ಕೂ ಭಾರ. ಆದರೆ ಗೇಮ್ ಒಂದರಲ್ಲಿ, ಉಳಿದೆರಡರಲ್ಲಿ ಇಮೇಲ್ ಮತ್ತು ಎಕ್ಸೆಲ್ ಇದ್ದರೆ ಹೆಚ್ಚುವರಿ ಹೊರೆ ತೀರಾ ಕಡಿಮೆ. ಕದಲದ ಪುಟವನ್ನು ಕಾರ್ಡು ಪ್ರತಿ ಸಲ ಹೊಸದಾಗಿ ಬಿಡಿಸಬೇಕಿಲ್ಲ.

ಒಂದು ತೊಡಕು ಮಾತ್ರ ಗಮನಿಸಬೇಕು. ಒಂದು ಮಾನಿಟರ್ 144 ಹರ್ಟ್ಸ್, ಇನ್ನೊಂದು 60 ಹರ್ಟ್ಸ್ ಇದ್ದಾಗ ಕೆಲವು ಕಾರ್ಡುಗಳ ಮೆಮೊರಿ ಸುಮ್ಮನಿದ್ದಾಗಲೂ ಪೂರ್ಣ ವೇಗದಲ್ಲೇ ಓಡುತ್ತದೆ. ಎರಡು ಪರದೆಗಳ ಬಿಡುವಿನ ಕ್ಷಣ ಒಂದಕ್ಕೊಂದು ಹೊಂದದೆ ಅದಕ್ಕೆ ವೇಗ ಬದಲಿಸಲು ಸಮಯ ಸಿಗದಿರುವುದೇ ಕಾರಣ. ಏನೂ ಕೆಲಸವಿಲ್ಲದಾಗ ಫ್ಯಾನ್ ಸದ್ದು ಮಾಡುತ್ತಿದ್ದರೆ, 144ನ್ನು 120ಕ್ಕೆ ಇಳಿಸಿ ನೋಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕಚೇರಿ ಕೆಲಸಕ್ಕಾದರೆ ಕಾರ್ಡಿನಲ್ಲಿ ಸಾಕಷ್ಟು ಪೋರ್ಟ್‌ಗಳಿವೆಯೇ, ಅವು ಆ ರೆಸಲ್ಯೂಶನ್ ಕೊಡಬಲ್ಲವೇ ಎಂದು ನೋಡಿಕೊಂಡರೆ ಸಾಕು. ಗೇಮ್‌ಗಾದರೆ, ಹೊಸ ಪರದೆಯ ಪಿಕ್ಸೆಲ್‌ಗಳನ್ನು ಹಳೆಯದರಿಂದ ಭಾಗಿಸಿದ ಮೇಲೆಯೇ ಅಂಗಡಿಗೆ ಹೋಗಿ.