ಊದುಬತ್ತಿ ಹಳ್ಳಿ ಸೇರುವ ದಾರಿ

ವಾಣಿಜ್ಯ ವಿದ್ಯಾರ್ಥಿಗಳ ಕ್ವಿಜ್‌ನಲ್ಲಿ ಇಂಥದೊಂದು ಪ್ರಶ್ನೆ ಬಂತೆನ್ನಿ: ಮೈಸೂರಿನ ತಯಾರಕ 10 ರೂಪಾಯಿಯ ಊದುಬತ್ತಿ ಪೊಟ್ಟಣವನ್ನು ಹಳ್ಳಿಹಳ್ಳಿಯ ಕಿರಾಣಿ ಅಂಗಡಿಗೂ ಮುಟ್ಟಿಸಬೇಕು. ಯಾವ ವಿತರಣಾ ಮಾರ್ಗ?

ಒಂದು ಅಂಗಡಿ ತಿಂಗಳಿಗೆ 24 ಪೊಟ್ಟಣ ಕೊಂಡರೂ ವಹಿವಾಟು 240 ರೂಪಾಯಿ ದಾಟದು. ಅದಕ್ಕೆಂದೇ ಗಾಡಿ ಕಳಿಸಿದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಸಗಟು ವ್ಯಾಪಾರಿಯಾದರೋ ಅದೇ ಗಾಡಿಯಲ್ಲಿ ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣವನ್ನೂ ಒಯ್ಯುತ್ತಾನೆ, ಖರ್ಚು ಹಂಚಿಹೋಗುತ್ತದೆ. ಊದುಬತ್ತಿ ಬೇಗ ಕೆಡುವುದೂ ಇಲ್ಲ. ಹಾಗಾಗಿ ಸಗಟು, ಚಿಲ್ಲರೆ ಎಂಬ ಎರಡು ಹಂತದ ಮಾರ್ಗವೇ ಸರಿ.

ಎಡವುವುದು ಇಲ್ಲೇ. ತಯಾರಕ, ಗ್ರಾಹಕರನ್ನೂ ಸೇರಿಸಿ ‘ನಾಲ್ಕು’ ಎಂದು ಬರೆದರೆ ಅಂಕ ಹೋಯಿತು. ಹಂತವೆಂದು ಎಣಿಸುವುದು ಮಧ್ಯವರ್ತಿಗಳನ್ನು ಮಾತ್ರ.

ವಸ್ತು ಹಾಲಾಗಿದ್ದರೆ? ನಂದಿನಿ ಪ್ಯಾಕೆಟ್ಟು ಡೇರಿಯಿಂದ ನಸುಕಿನಲ್ಲೇ ಏಜೆಂಟರ ಮಳಿಗೆಗೆ, ಅಲ್ಲಿಂದ ಮನೆಗೆ. ಸಗಟು ಗೋದಾಮಿನಲ್ಲಿ ಕೂರುವಷ್ಟು ಪುರುಸೊತ್ತು ಹಾಲಿಗಿಲ್ಲ. ಅಲ್ಲಿ ಹಂತ ಒಂದೇ.