ಶಾಮಿಯಾನದವರ ಹನ್ನೆರಡು ತಿಂಗಳ ಲೆಕ್ಕ

ಮೇ ತಿಂಗಳಲ್ಲಿ ಯಾವುದೇ ತಾಲ್ಲೂಕು ಕೇಂದ್ರದ ಶಾಮಿಯಾನ ಅಂಗಡಿಗೆ ಹೋಗಿ ನೋಡಿ, ಮಾಲೀಕರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಗೋಡೌನು ಖಾಲಿ, ಕುರ್ಚಿ, ಜಮಖಾನ, ಕೊಪ್ಪರಿಗೆ ಎಲ್ಲವೂ ಒಂದು ಮದುವೆ ಮನೆಯಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತಿರುತ್ತವೆ. ಅದೇ ಅಂಗಡಿಗೆ ನವೆಂಬರ್ ಕೊನೆಯಲ್ಲಿ ಹೋದರೆ, ಮದುವೆಗಳು ಮತ್ತೆ ಶುರುವಾಗಿದ್ದರೂ, ಗಾಡಿಯ ಕಂತು ಕಟ್ಟಲು ಕೈಗಡ ಹುಡುಕುವವರು ಸಿಗುತ್ತಾರೆ. ವರ್ಷಕ್ಕೆ ಲಾಭವಿಲ್ಲ ಎಂದಲ್ಲ. ಲಾಭ ಇದೆ, ಬೇಕಾದ ತಿಂಗಳಲ್ಲಿ ದುಡ್ಡಿಲ್ಲ. ಲಾಭದ ಲೆಕ್ಕ ಬೇರೆ, ನಗದಿನ ಲೆಕ್ಕ ಬೇರೆ. ಕೆಲವೇ ತಿಂಗಳಲ್ಲಿ ದುಡಿದು ವರ್ಷವಿಡೀ ಬದುಕುವವರಿಗೆ ಎರಡನೆಯದನ್ನು ತಿಂಗಳುವಾರು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ.

ಮಧ್ಯಮ ಗಾತ್ರದ ಒಂದು ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಂಡು ಲೆಕ್ಕ ಹಾಕೋಣ. ಅಂಕಿಗಳು ನಾನು ಇಟ್ಟುಕೊಂಡವು. ನಿಮ್ಮ ಅಂಗಡಿಯ ಅಂಕಿ ಬೇರೆಯಿದ್ದರೂ ಲೆಕ್ಕದ ದಾರಿ ಇದೇ.

ಮೊದಲು ಪ್ರತಿ ತಿಂಗಳೂ ತಪ್ಪದ ಖರ್ಚು. ಗೋಡೌನ್ ಬಾಡಿಗೆ 8 ಸಾವಿರ, ಕಾಯಂ ಆಳುಗಳಿಬ್ಬರಿಗೆ 30 ಸಾವಿರ, ಗಾಡಿಯ ಕಂತು 14 ಸಾವಿರ, ಕರೆಂಟು ಫೋನು ಎಲ್ಲಾ ಸೇರಿ 3 ಸಾವಿರ, ಮನೆಖರ್ಚಿಗೆ 25 ಸಾವಿರ. ಒಟ್ಟು 80 ಸಾವಿರ. ಮನೆಖರ್ಚನ್ನು ಇಲ್ಲಿ ಬರೆಯದೆ ಬಿಡುವವರೇ ಹೆಚ್ಚು. ಗಲ್ಲಾದಿಂದ ಆಗಾಗ ಐನೂರು, ಸಾವಿರ ತೆಗೆದುಕೊಂಡು ಹೋದದ್ದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಲೆಕ್ಕ ಹದಗೆಡುವುದು ಅಲ್ಲಿಂದಲೇ. ಮಾಲೀಕರೂ ತಮಗೊಂದು ಸಂಬಳ ಗೊತ್ತು ಮಾಡಿಕೊಂಡು ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಇನ್ನು ವರ್ಷಕ್ಕೊಮ್ಮೆ ಬರುವ ಖರ್ಚು. ಜೂನ್‌ನಲ್ಲಿ ಮಕ್ಕಳ ಶಾಲಾ ಶುಲ್ಕ 60 ಸಾವಿರ. ಕೆಲಸವಿಲ್ಲದ ಜುಲೈನಲ್ಲಿ ಬಟ್ಟೆ ಹೊಲಿಸಿ, ಕಂಬಗಳಿಗೆ ಬಣ್ಣ ಹೊಡೆಸಿ, ಪಾತ್ರೆಗಳಿಗೆ ಕಲಾಯಿ ಹಾಕಿಸಲು 70 ಸಾವಿರ. ಅಕ್ಟೋಬರ್‌ನಲ್ಲಿ ಹಬ್ಬದ ಇನಾಮು 20 ಸಾವಿರ, ಜನವರಿಯಲ್ಲಿ ಗಾಡಿ ವಿಮೆ ಇತ್ಯಾದಿ 30 ಸಾವಿರ.

ಆದಾಯದ ಕಡೆ ಬರೋಣ. ಒಂದು ಕಾರ್ಯಕ್ರಮದ ಸರಾಸರಿ ಬಿಲ್ಲು 30 ಸಾವಿರ ಎಂದುಕೊಳ್ಳಿ. ಅದರಲ್ಲಿ ದಿನಗೂಲಿ, ಡೀಸೆಲ್, ಸಾಗಣೆಗೆ 10 ಸಾವಿರ ಹೋಗುತ್ತದೆ, 20 ಸಾವಿರ ಉಳಿಯುತ್ತದೆ. ಆದರೆ ಆ 30 ಸಾವಿರ ಒಂದೇ ದಿನ ಕೈಗೆ ಬರುವುದಿಲ್ಲ. ಒಂದು ತಿಂಗಳು ಮುಂಚೆ 10 ಸಾವಿರ ಅಡ್ವಾನ್ಸ್, ಮದುವೆಯ ದಿನ 10 ಸಾವಿರ. ಉಳಿದ 10 ಸಾವಿರಕ್ಕೆ "ಬೀಗರೂಟ ಎಲ್ಲ ಮುಗೀಲಿ ಅಣ್ಣಾ, ಕೊಡ್ತೀವಿ" ಎಂಬ ಮಾತು. ಅದು ಬರುವುದು ಮುಂದಿನ ತಿಂಗಳು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮದುವೆ ನಡೆಯುವ ತಿಂಗಳಲ್ಲಿ ಆ ಮದುವೆಯಿಂದ ಬರುವುದು 10 ಸಾವಿರ, ಅದಕ್ಕೆ ಹೋಗುವುದೂ 10 ಸಾವಿರ. ಅಂದರೆ ಆ ತಿಂಗಳ ನಗದಿಗೆ ಅದರಿಂದ ಒಂದು ರೂಪಾಯಿಯೂ ಸೇರುವುದಿಲ್ಲ. ಗಲ್ಲಾ ತುಂಬಿಸುವುದು ಮುಂದಿನ ತಿಂಗಳ ಮದುವೆಗಳ ಅಡ್ವಾನ್ಸ್ ಮತ್ತು ಹಿಂದಿನ ತಿಂಗಳ ಬಾಕಿ. ಮೈಮುರಿಯುವ ಕೆಲಸವಿದ್ದ ತಿಂಗಳಲ್ಲೂ "ಇಷ್ಟು ದುಡಿದರೂ ದುಡ್ಡೆಲ್ಲಿ ಹೋಯಿತು" ಎಂದು ಅನ್ನಿಸುವುದು ಇದರಿಂದಲೇ. ಬಜೆಟ್ ಪುಸ್ತಕದಲ್ಲಿ ಕಾರ್ಯಕ್ರಮ ನಡೆದ ತಿಂಗಳಿಗೆ ಪೂರ್ತಿ ಬಿಲ್ಲನ್ನು ಬರೆದರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ. ದುಡ್ಡು ಕೈಗೆ ಬರುವ ತಿಂಗಳಿಗೇ ಬರೆಯಬೇಕು.

ಪುಸ್ತಕವನ್ನು ಯಾವ ತಿಂಗಳಿನಿಂದ ಶುರು ಮಾಡುವುದು? ತೆರಿಗೆಗೆ ಏಪ್ರಿಲ್‌ನಿಂದ ಮಾರ್ಚ್ ಸರಿ. ನಗದಿನ ಬಜೆಟ್‌ಗೆ ನಾನು ಜೂನ್ ಅನ್ನುತ್ತೇನೆ. ಸೀಸನ್ ಮುಗಿದು ಕೈಯಲ್ಲಿ ದುಡ್ಡಿರುವ ದಿನ ಅದು, ಆ ದುಡ್ಡು ಎಲ್ಲಿಯವರೆಗೆ ಬರುತ್ತದೆ ಎಂಬುದೇ ನಮ್ಮ ಪ್ರಶ್ನೆ.

ನಮ್ಮ ಅಂಗಡಿಗೆ ವರ್ಷಕ್ಕೆ 66 ಕಾರ್ಯಕ್ರಮ. ಮೇ ಒಂದರಲ್ಲೇ 14, ಏಪ್ರಿಲ್‌ನಲ್ಲಿ 10, ಫೆಬ್ರವರಿ, ಮಾರ್ಚ್ ಸೇರಿ 15. ಜೂನ್‌ನಲ್ಲಿ 4. ಆಷಾಢ ಬಂತೆಂದರೆ ತಿಥಿ, ಸಣ್ಣಪುಟ್ಟ ಸಭೆ ಬಿಟ್ಟರೆ ಏನೂ ಇಲ್ಲ, ಹಾಗಾಗಿ ಜುಲೈನಲ್ಲಿ 2. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಣೇಶನ ಚಪ್ಪರವೂ ಸೇರಿ ಮೂರು ಮೂರು, ಅಕ್ಟೋಬರ್‌ನಲ್ಲಿ 2. ನವೆಂಬರ್‌ನಲ್ಲಿ 6, ಧನುರ್ಮಾಸ ಅಡ್ಡ ಬರುವ ಡಿಸೆಂಬರ್‌ನಲ್ಲಿ 4, ಜನವರಿಯಲ್ಲಿ 3. ಜೂನ್ 1ಕ್ಕೆ ಕೈಯಲ್ಲಿ 2 ಲಕ್ಷ ರೂಪಾಯಿ.

ಜೂನ್‌ನಲ್ಲಿ ಮೇ ತಿಂಗಳ ಬಾಕಿ 1 ಲಕ್ಷ 40 ಸಾವಿರ ಮತ್ತು ಜುಲೈನ ಅಡ್ವಾನ್ಸ್ 20 ಸಾವಿರ ಬರುತ್ತದೆ. ಖರ್ಚು 80 ಸಾವಿರ, ಶಾಲೆಗೆ 60 ಸಾವಿರ. ಉಳಿಕೆ 20 ಸಾವಿರ, ಕೈಯಲ್ಲಿರುವುದು 2 ಲಕ್ಷ 20 ಸಾವಿರ. ಜುಲೈನಲ್ಲಿ ರಿಪೇರಿಯೂ ಸೇರಿ 80 ಸಾವಿರ ಕೊರತೆ, ಕೈಯಲ್ಲಿ 1 ಲಕ್ಷ 40 ಸಾವಿರ. ಹೀಗೇ ಮುಂದುವರಿಸಿದರೆ ಆಗಸ್ಟ್‌ನಲ್ಲಿ 30, ಸೆಪ್ಟೆಂಬರ್‌ನಲ್ಲಿ 30, ಅಕ್ಟೋಬರ್‌ನಲ್ಲಿ 10, ನವೆಂಬರ್‌ನಲ್ಲಿ 20 ಸಾವಿರ ಕರಗುತ್ತದೆ. ನವೆಂಬರ್ ಕೊನೆಗೆ ಉಳಿಯುವುದು 50 ಸಾವಿರ. ಆಮೇಲೆ ಏರಿಕೆ ಶುರು. ಜನವರಿ ಕೊನೆಗೆ 70 ಸಾವಿರ, ಫೆಬ್ರವರಿಗೆ 90 ಸಾವಿರ, ಮಾರ್ಚ್‌ಗೆ 1 ಲಕ್ಷ 90 ಸಾವಿರ, ಮುಂದಿನ ಮೇ ಕೊನೆಗೆ 3 ಲಕ್ಷ 80 ಸಾವಿರ.

ಇಷ್ಟೆಲ್ಲ ಬರೆಯುವುದು ಒಂದೇ ಒಂದು ಅಂಕಿ ಕಂಡುಹಿಡಿಯಲು: ವರ್ಷದಲ್ಲಿ ಗಲ್ಲಾ ಅತಿ ಕೆಳಗೆ ಇಳಿಯುವುದು ಯಾವಾಗ, ಎಷ್ಟಕ್ಕೆ? ಆಷಾಢವೇ ಕಷ್ಟದ ತಿಂಗಳು ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ತಳ ಕಾಣುವುದು ನವೆಂಬರ್ ಕೊನೆಯಲ್ಲಿ, ಕೆಲಸ ಮತ್ತೆ ಬಂದ ಮೇಲೆ. ಬಂದ ಆರು ಮದುವೆಗಳು ಆ ತಿಂಗಳ ಗಲ್ಲಾಕ್ಕೆ ಏನನ್ನೂ ಸೇರಿಸುವುದಿಲ್ಲ, ಅವುಗಳ ಬಾಕಿ ಡಿಸೆಂಬರ್‌ಗೆ. ಜೂನ್ 1ರಿಂದ ಅಲ್ಲಿಯವರೆಗೆ ಕರಗುವುದು 1 ಲಕ್ಷ 50 ಸಾವಿರ. ಅಷ್ಟು ದುಡ್ಡು ಸೀಸನ್ ಮುಗಿದ ದಿನ ಕೈಯಲ್ಲಿರಲೇಬೇಕು, ಅದರ ಮೇಲಿನದ್ದು ಮಾತ್ರ ಬೇರೆ ಖರ್ಚಿಗೆ.

ಜೂನ್‌ನಲ್ಲಿ 2 ಲಕ್ಷ ಕಂಡ ಮಾಲೀಕರು 80 ಸಾವಿರ ಕೊಟ್ಟು ಹೊಸ ಕುರ್ಚಿ ತರುತ್ತಾರೆ ಎಂದುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಗಲ್ಲಾ ಸೊನ್ನೆ, ಅಕ್ಟೋಬರ್‌ನಿಂದ ಜನವರಿಯವರೆಗೆ ಸಾಲ, ನವೆಂಬರ್‌ನಲ್ಲಿ ಅದು 30 ಸಾವಿರ. ಅದೇ ಕುರ್ಚಿಗಳನ್ನು ಅದೇ ಬೆಲೆಗೆ ಏಪ್ರಿಲ್‌ನಲ್ಲಿ ತಂದರೆ ಯಾವ ತಿಂಗಳೂ ಕೊರತೆಯಿಲ್ಲ. ಮೇ ತಿಂಗಳ ಮದುವೆಗಳಿಗೂ ಕುರ್ಚಿ ಸಿಕ್ಕವು. ಜೂನ್‌ನಲ್ಲಿ ತಂದವು ಆಷಾಢ ಪೂರ್ತಿ ಗೋಡೌನಿನಲ್ಲಿ ಧೂಳು ಹಿಡಿಯುತ್ತವೆ.

ಬಜೆಟ್ ಬರೆಯುವಾಗ ಕಳೆದ ವರ್ಷದ ಪುಸ್ತಕವನ್ನೇ ನಕಲು ಮಾಡುವುದು ದೊಡ್ಡ ತಪ್ಪು. ಈ ವ್ಯಾಪಾರಕ್ಕೆ ಪಂಚಾಂಗ ಮೊದಲು, ಹಳೆ ಪುಸ್ತಕ ಆಮೇಲೆ. 2024ರಲ್ಲಿ ಗುರು, ಶುಕ್ರ ಎರಡೂ ಅಸ್ತವಾಗಿ ಮೇ, ಜೂನ್ ತಿಂಗಳಲ್ಲಿ ಮದುವೆ ಮುಹೂರ್ತಗಳು ತೀರ ವಿರಳವಾಗಿದ್ದವು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಮದುವೆ ಮಾಡುವುದಿಲ್ಲ. ಮೇ ತಿಂಗಳ 14 ಮದುವೆಗಳಲ್ಲಿ ಏಳು ಜೂನ್ ಕೊನೆಗೆ ಹೋದರೆ ಏಪ್ರಿಲ್‌ನ ಅಡ್ವಾನ್ಸಿನಲ್ಲಿ 70 ಸಾವಿರ ಕಡಿಮೆಯಾಗಿ ಅದು ಮೇ ತಿಂಗಳಿಗೆ ಬರುತ್ತದೆ, ಜೂನ್‌ಗೆ ಬರಬೇಕಿದ್ದ ಬಾಕಿಯಲ್ಲಿ 70 ಸಾವಿರ ಜುಲೈಗೆ ಜಾರುತ್ತದೆ. ಮೊತ್ತ ಅಷ್ಟೇ, ಆದರೆ ಏಪ್ರಿಲ್ ಕೊನೆಗೆ ಬಟ್ಟೆ ಅಂಗಡಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟವರು, ಜೂನ್ ಮೊದಲ ವಾರ ಶಾಲೆಗೆ ಕಟ್ಟಬೇಕಾದವರು ಸಿಕ್ಕಿಬೀಳುತ್ತಾರೆ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಮುಹೂರ್ತದ ದಿನಗಳನ್ನು ತಿಂಗಳುವಾರು ಎಣಿಸಿ, ಬಜೆಟ್ ತಿದ್ದಿ ಬರೆಯಬೇಕು.

ಎರಡನೆಯ ಅಪಾಯ ಉದ್ರಿ. ಮೇ ತಿಂಗಳ 14 ಮನೆಗಳಲ್ಲಿ ನಾಲ್ಕು ಮನೆಯವರು ಬಾಕಿಯನ್ನು ಸಂಕ್ರಾಂತಿಯವರೆಗೆ ಎಳೆದರೆ ನವೆಂಬರ್‌ನ 50 ಸಾವಿರ 10 ಸಾವಿರಕ್ಕೆ ಇಳಿಯುತ್ತದೆ. ಇದನ್ನು ನವೆಂಬರ್‌ನಲ್ಲಿ ತಿಳಿದು ಪ್ರಯೋಜನವಿಲ್ಲ. ಪ್ರತಿ ತಿಂಗಳ ಕೊನೆಯ ದಿನ, ಬಜೆಟ್‌ನಲ್ಲಿ ಬರೆದ ಮೊತ್ತದ ಪಕ್ಕದಲ್ಲೇ ಗಲ್ಲಾ ಮತ್ತು ಬ್ಯಾಂಕಿನಲ್ಲಿ ನಿಜವಾಗಿ ಇರುವುದನ್ನು ಬರೆಯಿರಿ. ಜುಲೈ ಕೊನೆಗೆ 1 ಲಕ್ಷ 40 ಸಾವಿರ ಇರಬೇಕಾದಲ್ಲಿ 1 ಲಕ್ಷ ಇದ್ದರೆ ನಾಲ್ಕು ತಿಂಗಳು ಮೊದಲೇ ಸುಳಿವು ಸಿಕ್ಕಂತಾಯಿತು. ವಸೂಲಿಗೆ ಓಡಾಡಲು ಸಮಯವಿದೆ. ಸುಳಿವು ಸಿಗುವ ಮುಂಚೆಯೇ ಉದ್ರಿ ತಡೆಯುವ ಒಳ್ಳೆಯ ದಾರಿಯೆಂದರೆ, ಪಾತ್ರೆ ಸಾಮಾನು ಎಣಿಸಿ ವಾಪಸ್ ಪಡೆಯುವ ದಿನವೇ ಲೆಕ್ಕ ಚುಕ್ತಾ ಎಂದು ಅಡ್ವಾನ್ಸ್ ಪಡೆಯುವಾಗಲೇ ಚೀಟಿಯಲ್ಲಿ ಬರೆದುಕೊಡುವುದು.

ಸೀಸನ್ನಿನ ದುಡ್ಡನ್ನು ಒಂದೇ ಖಾತೆಯಲ್ಲಿ ಬಿಟ್ಟರೆ ಕೈ ತಡೆಯುವುದಿಲ್ಲ. ಆರ್‌ಡಿಯಲ್ಲಿ ಕಟ್ಟುವ ಮೊತ್ತ ಸಮನಾಗಿರುವುದರಿಂದ ಏರುಪೇರಿನ ಆದಾಯಕ್ಕೆ ಅದು ಅಷ್ಟಾಗಿ ಹೊಂದುವುದಿಲ್ಲ. ಅದರ ಬದಲು ಕೊರತೆಯ ತಿಂಗಳುಗಳಿಗೆ ಸರಿಯಾಗಿ ಮುಗಿಯುವ ಸಣ್ಣ ಸಣ್ಣ ಎಫ್‌ಡಿ ಇಡಿ: ಜುಲೈಗೆ 80 ಸಾವಿರ, ಆಗಸ್ಟ್‌ಗೆ 30, ಸೆಪ್ಟೆಂಬರ್‌ಗೆ 30, ಅಕ್ಟೋಬರ್‌ಗೆ 10, ನವೆಂಬರ್‌ಗೆ 20. ಇಷ್ಟಾದರೂ ಬಜೆಟ್ ಯಾವುದೋ ತಿಂಗಳಲ್ಲಿ ಕೊರತೆ ತೋರಿಸುತ್ತಿದ್ದರೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಕೇಳಬಹುದು, ಬಳಸಿದ ಮೊತ್ತಕ್ಕಷ್ಟೇ ಬಡ್ಡಿ. ಕೇಳಲು ಮೇ ತಿಂಗಳಲ್ಲೇ ಹೋಗಿ. ಖಾತೆ ತುಂಬಿರುವಾಗ ಈ ಬಜೆಟ್ ಹಾಳೆ ಹಿಡಿದು ಹೋದವರ ಮಾತಿಗೆ ಇರುವ ತೂಕ ನವೆಂಬರ್‌ನಲ್ಲಿ ಬರಿಗೈಲಿ ಹೋದಾಗ ಇರುವುದಿಲ್ಲ.

ಇನ್ನೊಂದು ಮಾತು. 66 ಕಾರ್ಯಕ್ರಮ ಎಂದರೆ 19 ಲಕ್ಷ 80 ಸಾವಿರದ ವಹಿವಾಟು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ. ಇನ್ನೊಂದೇ ಮದುವೆ ಬಂದರೂ ಅದು ದಾಟುತ್ತದೆ. ಆಮೇಲೆ ಅಡ್ವಾನ್ಸ್ ಪಡೆದಾಗಲೂ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಅದಕ್ಕೊಂದು ಪ್ರತ್ಯೇಕ ಸಾಲು ಬೇಕು.

ಇದನ್ನು ಓದುವವರಲ್ಲಿ ಶಾಮಿಯಾನ ಅಂಗಡಿ ಇಟ್ಟವರಿಗಿಂತ ಮನೆಯಲ್ಲಿ ಮದುವೆ ಮಾಡುವವರೇ ಹೆಚ್ಚಿರುತ್ತಾರೆ. ನಿಮಗೊಂದು ವಿನಂತಿ: ನಿಮ್ಮ ಮದುವೆಗೆ ಅವರು ಕೂಲಿಯವರಿಗೂ ಡೀಸೆಲ್‌ಗೂ ಅದೇ ದಿನ ದುಡ್ಡು ಕೊಟ್ಟಿರುತ್ತಾರೆ. ಕೊಪ್ಪರಿಗೆ, ಕುರ್ಚಿ ಎಣಿಸಿ ಕೊಡುವ ದಿನವೇ ಬಾಕಿಯನ್ನೂ ಎಣಿಸಿ ಕೊಟ್ಟುಬಿಡಿ.