ಗೋಡೆಗೆ ಇಟ್ಟಿಗೆ, ಪಾಯಕ್ಕೆ ಕಲ್ಲು: ಒಂದೇ ಸಲಕ್ಕೆ

ಒಂದು ಎರಡಂತಸ್ತಿನ ಮನೆ. ಪಾಯಕ್ಕೆ ಸಾದರಹಳ್ಳಿ ಕಲ್ಲು, ಗೋಡೆಗೆ ಗಿಲಾವು ಮಾಡದ ಇಟ್ಟಿಗೆ, ಮಾಡಿಗೆ ಮಂಗಳೂರು ಹೆಂಚು. ಇದಿಷ್ಟನ್ನೂ ಒಂದೇ ವಾಕ್ಯದಲ್ಲಿ ಬರೆದು ಚಿತ್ರ ಬಿಡಿಸುವ ಎಐಗೆ ಕೊಟ್ಟರೆ ಹೆಂಚಿನ ಕೆಂಪು ಗೋಡೆಗಿಳಿಯುತ್ತದೆ, ಇಟ್ಟಿಗೆಯ ಸಾಲುಗಳು ಪಾಯದಲ್ಲೂ ಮೂಡುತ್ತವೆ. ವಾಕ್ಯದ ಯಾವ ಪದ ಚಿತ್ರದ ಯಾವ ಜಾಗಕ್ಕೆ ಸೇರಬೇಕು ಎಂಬುದು ಅದಕ್ಕೆ ಖಚಿತವಾಗಿ ಗೊತ್ತಾಗುವುದಿಲ್ಲ.

ಆ ಜಾಗವನ್ನು ತೋರಿಸಿಕೊಡುವುದೇ ಮಾಸ್ಕ್. ಮನೆಯ ಮುಂಭಾಗದ ಚಿತ್ರದಲ್ಲಿ ಗೋಡೆಗೆ ಅಚ್ಚ ಕೆಂಪು, ಪಾಯಕ್ಕೆ ಅಚ್ಚ ಹಸಿರು, ಮಾಡಿಗೆ ಅಚ್ಚ ನೀಲಿ ತುಂಬಿ ಉಳಿದದ್ದನ್ನು ಕಪ್ಪು ಬಿಡಬೇಕು. ComfyUI ತಂತ್ರಾಂಶದ `Load Image (as Mask)` ಅನ್ನು ಬಣ್ಣಕ್ಕೊಂದರಂತೆ ಮೂರು ಸಲ ಬಳಸಿದರೆ ಅದು ಈ ಒಂದೇ ಚಿತ್ರದಿಂದ ಮೂರು ಬಣ್ಣಗಳನ್ನು ಮೂರು ಮಾಸ್ಕ್‌ಗಳಾಗಿ ಬಿಡಿಸಿಕೊಡುತ್ತದೆ. ಒಂದೊಂದು ಮಾಸ್ಕ್‌ಗೆ ಒಂದೊಂದು ವಿವರಣೆಯನ್ನು `Conditioning (Set Mask)` ಮೂಲಕ ಜೋಡಿಸಿ, ಎಲ್ಲವನ್ನೂ `Conditioning (Combine)`ನಲ್ಲಿ ಕೂಡಿಸಿದರಾಯಿತು. ವಿವರಣೆಯಲ್ಲಿ ‘ಸಾದರಹಳ್ಳಿ’ ಎಂದು ಬರೆದು ನೆಚ್ಚಿಕೊಳ್ಳುವಂತಿಲ್ಲ; ‘ಉಳಿ ಏಟಿನ ಗುರುತಿರುವ ಬೂದು ಗ್ರಾನೈಟ್’ ಎಂದು ಕಣ್ಣಿಗೆ ಕಾಣುವುದನ್ನೇ ಹೇಳಬೇಕು.

ಒಳಗೆ ನಡೆಯುವುದು ಇನ್ನೂ ಸೊಗಸಾಗಿದೆ. ಎಐ ಚಿತ್ರವನ್ನು ಗೊಜಲು ಚುಕ್ಕೆಗಳಿಂದ ಶುರುಮಾಡಿ ಹಂತಹಂತವಾಗಿ ತಿಳಿಗೊಳಿಸುತ್ತದೆ. ಪ್ರತಿ ಹಂತದಲ್ಲೂ ಇಟ್ಟಿಗೆಯ ವಿವರಣೆ ಇಡೀ ಚಿತ್ರವನ್ನು ನೋಡಿಯೇ ತನ್ನ ತಿದ್ದುಪಡಿ ಹೇಳುತ್ತದೆ, ಆದರೆ ಗೋಡೆಯ ಭಾಗವನ್ನಷ್ಟೇ ಉಳಿಸಿಕೊಳ್ಳಲಾಗುತ್ತದೆ. ಕಲ್ಲಿಗೂ ಹೆಂಚಿಗೂ ಹೀಗೆಯೇ. ಮೂರೂ ಬೆರೆತ ಚಿತ್ರ ಮುಂದಿನ ಹಂತಕ್ಕೆ ಹೋಗುವುದರಿಂದ ಮಾಡಿನ ನೆರಳು ಗೋಡೆಯ ಮೇಲೆ ಸಹಜವಾಗಿ ಬೀಳುತ್ತದೆ. ಒಂದೊಂದೇ ಭಾಗವನ್ನು ಆಮೇಲೆ ತಿದ್ದುತ್ತ ಹೋದರೆ ಈ ಹೊಂದಾಣಿಕೆ ಸುಲಭವಾಗಿ ಸಿಗದು. ಇದಕ್ಕೆ ತೆರುವ ಬೆಲೆ ಸಮಯ: ವಿವರಣೆ ಹೆಚ್ಚಿದಷ್ಟೂ ಪ್ರತಿ ಹಂತದ ಲೆಕ್ಕ ಹೆಚ್ಚುತ್ತದೆ.

ಮೂರು ತುಂಡುಗಳ ಜೊತೆಗೆ ಇಡೀ ಚಿತ್ರಕ್ಕೆ ಅನ್ವಯಿಸುವ ಒಂದು ಸಾಮಾನ್ಯ ವಿವರಣೆಯೂ ಇರಲೇಬೇಕು: ‘ಸಂಜೆ ಬಿಸಿಲು, ಎರಡಂತಸ್ತಿನ ಮನೆ’ ಎಂಬಂಥದ್ದು. ಅದಿಲ್ಲದಿದ್ದರೆ ಕಪ್ಪು ಬಿಟ್ಟ ಜಾಗಕ್ಕೆ ಹೇಳುವವರೇ ಇಲ್ಲದೆ ಆಕಾಶ, ಅಂಗಳ ಕೆಡುತ್ತವೆ. ಅದರ ಬಲವನ್ನು 0.3ರಷ್ಟಕ್ಕೆ ಇಳಿಸಿ ನೋಡಬೇಕು. ಹೆಚ್ಚಾದರೆ ಗೋಡೆ ಇಟ್ಟಿಗೆಯ ಗುಣ ಕಳೆದುಕೊಂಡು ಮಾಮೂಲಿ ಬಣ್ಣದ ಗೋಡೆಯಾಗುತ್ತದೆ. ಮಾಸ್ಕ್ ಸಾಮಗ್ರಿಯ ಜಾಗವನ್ನು ಹೇಳುತ್ತದೆಯೇ ಹೊರತು ಮನೆಯ ಆಕಾರವನ್ನು ಹಿಡಿದಿಡುವುದಿಲ್ಲ. ಕಿಟಕಿ ಬಾಗಿಲು ಕದಲದಿರಲು ರೇಖಾಚಿತ್ರವನ್ನು ಕಂಟ್ರೋಲ್‌ನೆಟ್ ಮೂಲಕ ಬೇರೆಯಾಗಿ ಕೊಡಬೇಕು.

ಸಣ್ಣ ಭಾಗಗಳಲ್ಲಿ ಈ ವಿಧಾನ ಸೋಲುತ್ತದೆ. ಸ್ಟೇಬಲ್ ಡಿಫ್ಯೂಷನ್ ಎಕ್ಸ್ಎಲ್ 1024 ಪಿಕ್ಸೆಲ್ ಅಗಲದ ಚಿತ್ರವನ್ನು ಒಳಗೆ 128 ಮನೆಗಳ ಜಾಲರಿಯಾಗಿ ನೋಡುತ್ತದೆ. ಒಂದು ಮನೆ ಎಂದರೆ 8 ಪಿಕ್ಸೆಲ್. 6 ಪಿಕ್ಸೆಲ್ ಅಗಲದ ಕಿಟಕಿ ಚೌಕಟ್ಟಿಗೆ ತೇಗದ ಮಾಸ್ಕ್ ಹಾಕಿದರೆ ಅದಕ್ಕೆ ಒಂದು ಪೂರ್ತಿ ಮನೆಯೂ ದಕ್ಕುವುದಿಲ್ಲ. ಚೌಕಟ್ಟು ಅರ್ಧ ಮರ, ಅರ್ಧ ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಕಾರಣ ಇದೇ. ಆ ಕಿಟಕಿಯನ್ನು ಹತ್ತಿರದಿಂದ ದೊಡ್ಡದಾಗಿ ಬೇರೆಯೇ ಬಿಡಿಸಬೇಕು.